ತೈಲದ ಬೆಲೆ ಡಾಲರಿನಲ್ಲೇ ಏಕೆ? ‘ಪೆಟ್ರೋಡಾಲರ್ ಒಪ್ಪಂದ ಮುಗಿಯಿತು’ ಎಂಬ ಫಾರ್ವರ್ಡಿನ ಹಿಂದಿನ ಲೆಕ್ಕ

2024ರ ಜೂನ್ ತಿಂಗಳಲ್ಲಿ ಒಂದು ಸಂದೇಶ ಜಗತ್ತಿನ ತುಂಬ ಓಡಾಡಿತು. ಅಮೆರಿಕ ಮತ್ತು ಸೌದಿ ಅರೇಬಿಯಾ 1974ರಲ್ಲಿ ಮಾಡಿಕೊಂಡಿದ್ದ 50 ವರ್ಷದ ‘ಪೆಟ್ರೋಡಾಲರ್ ಒಪ್ಪಂದ’ ಜೂನ್ 9ಕ್ಕೆ ಮುಗಿಯಿತು, ಸೌದಿ ಅದನ್ನು ನವೀಕರಿಸಲಿಲ್ಲ, ಇನ್ನು ಡಾಲರಿನ ಕಥೆ ಮುಗಿದಂತೆ ಎಂಬುದು ಅದರ ಸಾರ. ಅದರ ಬಾಲಕ್ಕೆ ನಮ್ಮವರು ಇನ್ನೊಂದು ಸಾಲು ಸೇರಿಸಿದರು: ಇನ್ನು ಮುಂದೆ ಭಾರತ ರೂಪಾಯಿ ಕೊಟ್ಟು ತೈಲ ಕೊಳ್ಳುತ್ತದೆ, ಪೆಟ್ರೋಲ್ ಅಗ್ಗವಾಗುತ್ತದೆ.

ಇದರಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ಚರಿತ್ರೆಗೆ ಸಂಬಂಧಿಸಿದ್ದು, ಬೇಗ ಮುಗಿಯುತ್ತದೆ. ಎರಡನೆಯದು ಲೆಕ್ಕಕ್ಕೆ ಸಂಬಂಧಿಸಿದ್ದು. ನಮ್ಮ ಜೇಬಿಗೆ ತಾಗುವುದು ಅದೇ ಆದ್ದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1974ರಲ್ಲಿ ನಿಜಕ್ಕೂ ಏನಾಯಿತು?

1974ರ ಜೂನ್ 8ರಂದು ಅಮೆರಿಕದ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಮತ್ತು ಸೌದಿಯ ರಾಜಕುಮಾರ ಫಹದ್ ಒಂದು ದಾಖಲೆಗೆ ಸಹಿ ಹಾಕಿದ್ದು ನಿಜ. ಎರಡೂ ದೇಶಗಳು ಸೇರಿ ಆರ್ಥಿಕ ಸಹಕಾರಕ್ಕೆ ಒಂದು ಜಂಟಿ ಆಯೋಗ ಮಾಡಿಕೊಳ್ಳುವುದು, ಕೈಗಾರಿಕೆ ಮತ್ತು ತಾಂತ್ರಿಕ ತರಬೇತಿಗೆ ನೆರವು, ಸೇನೆಯ ವಿಷಯದಲ್ಲಿ ಸಹಕಾರ, ಇವು ಅದರಲ್ಲಿದ್ದ ವಿಷಯಗಳು. ತೈಲವನ್ನು ಡಾಲರಿಗೇ ಮಾರಬೇಕು ಎಂಬ ಷರತ್ತು ಅದರಲ್ಲಿ ಇರಲಿಲ್ಲ. ಆ ದಾಖಲೆ ಬಂದ ಮೇಲೂ ಕೆಲವು ತಿಂಗಳು ಸೌದಿ ತನ್ನ ತೈಲದ ಹಣದಲ್ಲಿ ಒಂದು ಪಾಲನ್ನು ಬ್ರಿಟಿಷ್ ಪೌಂಡಿನಲ್ಲಿ ಪಡೆಯುತ್ತಿತ್ತು.

ಹಾಗಾದರೆ ಗುಟ್ಟು ಏನೂ ಇರಲಿಲ್ಲವೇ? ಇತ್ತು, ಆದರೆ ಅದು ಬೇರೆ ಬಗೆಯದು. ಅದೇ ವರ್ಷ ಅಮೆರಿಕದ ಹಣಕಾಸು ಸಚಿವ ವಿಲಿಯಂ ಸೈಮನ್ ಸೌದಿಗೆ ಹೋಗಿ ಬಂದರು. 1973ರ ಕೊನೆಯಲ್ಲಿ ತೈಲದ ಬೆಲೆ ನಾಲ್ಕು ಪಟ್ಟು ಏರಿ ಸೌದಿಯ ಖಜಾನೆ ತುಂಬಿ ತುಳುಕುತ್ತಿತ್ತು, ಅಮೆರಿಕಕ್ಕೆ ಸಾಲ ಬೇಕಿತ್ತು. ಸೌದಿ ತನ್ನ ತೈಲದ ಆದಾಯವನ್ನು ಅಮೆರಿಕ ಸರ್ಕಾರದ ಸಾಲಪತ್ರಗಳಲ್ಲಿ ಸದ್ದಿಲ್ಲದೆ ಹೂಡುವ ಏರ್ಪಾಡಾಯಿತು. ಸೌದಿಯ ಬಳಿ ಅಂಥ ಸಾಲಪತ್ರ ಎಷ್ಟಿದೆ ಎಂಬ ಅಂಕಿಯನ್ನು ಅಮೆರಿಕ ಪ್ರತ್ಯೇಕವಾಗಿ ಹೊರಗೆ ಹೇಳಿದ್ದು 2016ರಲ್ಲಿ, ಅದೂ ಪತ್ರಕರ್ತರು ಮಾಹಿತಿ ಹಕ್ಕಿನಡಿ ಕೇಳಿದ ಮೇಲೆ.

ಈ ಗುಟ್ಟನ್ನೇ ಎಳೆದು ಫಾರ್ವರ್ಡ್ ಮಾಡಿದವರು ‘50 ವರ್ಷದ ಒಪ್ಪಂದ’ ಕಟ್ಟಿದ್ದಾರೆ ಎಂದು ನಮಗೆ ಅನಿಸುತ್ತದೆ. ಗುಟ್ಟು ಇದ್ದದ್ದು ಗಳಿಸಿದ ಹಣವನ್ನು ಎಲ್ಲಿ ಇಡುವುದು ಎಂಬ ವಿಷಯದಲ್ಲಿ. ಬೆಲೆಯನ್ನು ಯಾವ ಹಣದಲ್ಲಿ ಹೇಳುವುದು ಎಂಬುದು ಬೇರೆ ಪ್ರಶ್ನೆ.

ಬೆಲೆ ಹೇಳುವುದು ಬೇರೆ, ಹಣ ಕೊಡುವುದು ಬೇರೆ

ಇಡೀ ವಿಷಯದ ಕೀಲಿ ಇಲ್ಲಿದೆ. ತೈಲ ವ್ಯಾಪಾರದಲ್ಲಿ ಹಣ ಮೂರು ಕೆಲಸ ಮಾಡುತ್ತದೆ. ಒಂದು, ಬೆಲೆಯನ್ನು ಅಳೆಯುವ ಅಳತೆಗೋಲು. ಎರಡು, ಕೊಂಡವರು ಮಾರಿದವರಿಗೆ ಕಳಿಸುವ ಪಾವತಿ. ಮೂರು, ಮಾರಿದವರು ಕಟ್ಟಿಟ್ಟುಕೊಳ್ಳುವ ಉಳಿತಾಯ. ಮೂರಕ್ಕೂ ಒಂದೇ ಕರೆನ್ಸಿ ಬೇಕೆಂದೇನಿಲ್ಲ. ಫಾರ್ವರ್ಡುಗಳು ಈ ಮೂರನ್ನೂ ಕಲಸಿಬಿಡುತ್ತವೆ.

ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಚಿನ್ನದಂಗಡಿಯವರು ಹಳೆ ಬಳೆಯನ್ನು ತೆಗೆದುಕೊಂಡು ಹೊಸ ಸರ ಕೊಡುತ್ತಾರೆ. ಪಾವತಿ ಆಗಿದ್ದು ಬಳೆಯಲ್ಲಿ. ಆದರೆ ಬಳೆಯ ಬೆಲೆ, ಸರದ ಬೆಲೆ ಎರಡನ್ನೂ ಆ ದಿನದ ಗ್ರಾಂ ದರದಲ್ಲೇ ಹಾಕಿರುತ್ತಾರೆ. ಬಳೆ ಕೊಟ್ಟ ಮಾತ್ರಕ್ಕೆ ಗ್ರಾಂ ದರ ಬದಲಾಗುವುದಿಲ್ಲ.

ಈಗ ಮಂಗಳೂರಿಗೆ ಬರೋಣ. ಇಲ್ಲಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಗೆ ಕಚ್ಚಾ ತೈಲ ಹೆಚ್ಚಾಗಿ ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಇಂಥ ಒಂದು ಕಾರ್ಖಾನೆಗೆ ಸೌದಿಯಿಂದ 10 ಲಕ್ಷ ಬ್ಯಾರೆಲ್ ತೈಲದ ಹಡಗು ಬಂತು ಎಂದಿಟ್ಟುಕೊಳ್ಳಿ. ಇದು ನಾವು ಲೆಕ್ಕಕ್ಕೆ ತೆಗೆದುಕೊಂಡ ಉದಾಹರಣೆ, ಆದರೆ ಕ್ರಮ ಹೀಗೇ ಇರುತ್ತದೆ. ಸೌದಿಯ ಕಂಪನಿ ಪ್ರತಿ ತಿಂಗಳೂ ಏಷ್ಯಾದ ಗ್ರಾಹಕರಿಗೆ ತನ್ನ ಬೆಲೆ ಪ್ರಕಟಿಸುತ್ತದೆ. ಅದರಲ್ಲಿ ನೇರ ಬೆಲೆ ಇರುವುದಿಲ್ಲ. ಓಮಾನ್ ಮತ್ತು ದುಬೈ ತೈಲದ ಸರಾಸರಿ ಬೆಲೆಗೆ ಇಷ್ಟು ಡಾಲರ್ ಸೇರಿಸಿ, ಅಥವಾ ಇಷ್ಟು ಕಳೆಯಿರಿ ಎಂದಿರುತ್ತದೆ. ಹಾಗೆ ಲೆಕ್ಕ ಹಾಕಿದಾಗ ಬ್ಯಾರೆಲಿಗೆ 80 ಡಾಲರ್ ಬಂತು ಎನ್ನೋಣ. ಹಡಗಿನ ಬಿಲ್ಲು 8 ಕೋಟಿ ಡಾಲರ್.

ಈ ಬಿಲ್ಲನ್ನು ಅಂದೇ ಕಟ್ಟುವುದಿಲ್ಲ, ಸಾಮಾನ್ಯವಾಗಿ ಹಡಗು ತುಂಬಿದ ದಿನದಿಂದ ಸುಮಾರು ಒಂದು ತಿಂಗಳ ಗಡುವು ಇರುತ್ತದೆ. ತುಂಬಿದ ದಿನ ಡಾಲರಿಗೆ 83 ರೂಪಾಯಿ ಇದ್ದರೆ ಬಿಲ್ಲು 664 ಕೋಟಿ ರೂಪಾಯಿ. ತಿಂಗಳಾಗುವಷ್ಟರಲ್ಲಿ ಡಾಲರ್ 84 ರೂಪಾಯಿಗೆ ಹೋದರೆ 672 ಕೋಟಿ. ತೈಲದ ಬೆಲೆ ಒಂದು ಸೆಂಟೂ ಏರಿಲ್ಲ, ಒಂದು ಹನಿ ತೈಲವೂ ಹೆಚ್ಚು ಬಂದಿಲ್ಲ, ಆದರೂ 8 ಕೋಟಿ ರೂಪಾಯಿ ಹೆಚ್ಚು ಹೋಯಿತು.

ಈಗ ಸೌದಿಯವರು ದೊಡ್ಡ ಮನಸ್ಸು ಮಾಡಿ ‘ಡಾಲರ್ ಬೇಡ, ರೂಪಾಯಿಯಲ್ಲೇ ಕೊಡಿ’ ಎಂದರು ಎನ್ನೋಣ. ಎಷ್ಟು ರೂಪಾಯಿ ಕೊಡಬೇಕು? 8 ಕೋಟಿ ಡಾಲರಿಗೆ ಅಂದಿನ ದರದಲ್ಲಿ ಸಮನಾದಷ್ಟು, ಅಂದರೆ ಅದೇ 672 ಕೋಟಿ. ರೂಪಾಯಿಯಲ್ಲಿ ಕೊಟ್ಟರೆ ಪೆಟ್ರೋಲ್ ಅಗ್ಗ ಎಂಬ ಮಾತು ಬಿದ್ದುಹೋಗುವುದು ಇಲ್ಲಿ. ಡಾಲರ್ ಕೊಳ್ಳುವ ಬ್ಯಾಂಕ್ ಖರ್ಚು ಒಂದಿಷ್ಟು ಉಳಿಯಬಹುದು. ದೇಶದ ಡಾಲರ್ ಸಂಗ್ರಹದ ಮೇಲಿನ ಒತ್ತಡವೂ ಕಡಿಮೆಯಾಗುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಬಂಕಿನ ಬೋರ್ಡಿನ ಮೇಲಿನ ದರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

ಇನ್ನೊಂದು ಸಂಗತಿ ಕೇಳಿದರೆ ಹಲವರು ನಂಬುವುದಿಲ್ಲ. ಮುಂಬೈ ಕಡಲಿನಲ್ಲಿ, ರಾಜಸ್ಥಾನದ ಬಾರ್ಮೇರಿನಲ್ಲಿ ನಾವೇ ತೆಗೆಯುವ ತೈಲಕ್ಕೂ ಬೆಲೆ ಕಟ್ಟುವುದು ಅಂತಾರಾಷ್ಟ್ರೀಯ ದರವನ್ನು ನೋಡಿಕೊಂಡು, ಬ್ಯಾರೆಲಿಗೆ ಇಷ್ಟು ಡಾಲರ್ ಎಂದೇ. ಅದು ಹಡಗು ಹತ್ತುವುದಿಲ್ಲ, ಗಡಿ ದಾಟುವುದಿಲ್ಲ, ಪಾವತಿಯೂ ದೇಶದೊಳಗೇ ಆಗುತ್ತದೆ. ಆದರೂ ಅಳತೆಗೋಲು ಡಾಲರು.

ಈ ಅಳತೆಗೋಲು ಗಟ್ಟಿಯಾಗಿದ್ದು ಹೇಗೆ?

ಶುರುವಿನಲ್ಲಿ ಕಾರಣ ಸರಳ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ತೈಲದ ದೊಡ್ಡ ಪಾಲು ಬರುತ್ತಿದ್ದುದೇ ಅಮೆರಿಕದಿಂದ. ಎರಡನೇ ಮಹಾಯುದ್ಧದವರೆಗೂ ಒಂದು ವಿಚಿತ್ರ ಪದ್ಧತಿ ಇತ್ತು. ತೈಲ ಎಲ್ಲಿಂದಲೇ ಹೊರಡಲಿ, ಅದು ಅಮೆರಿಕದ ಟೆಕ್ಸಾಸ್ ಕರಾವಳಿಯಿಂದ ಹೊರಟಿದೆ ಎಂದೇ ಭಾವಿಸಿ ಅಲ್ಲಿನ ಬೆಲೆ, ಅಲ್ಲಿಂದ ಬರುವ ಹಡಗು ಬಾಡಿಗೆ ಎರಡನ್ನೂ ಸೇರಿಸಿ ಬಿಲ್ಲು ಮಾಡುತ್ತಿದ್ದರು. ಪಕ್ಕದ ಇರಾನಿನಿಂದ ಬಂದ ತೈಲಕ್ಕೂ ದೂರದ ಟೆಕ್ಸಾಸಿನ ಬಾಡಿಗೆ! ಮುಂದೆ ಕೊಲ್ಲಿಯಲ್ಲಿ ತೈಲ ತೆಗೆಯುತ್ತಿದ್ದ ದೊಡ್ಡ ಕಂಪನಿಗಳಲ್ಲೂ ಹೆಚ್ಚಿನವು ಅಮೆರಿಕದವೇ. ಹೀಗಾಗಿ ಕಿಸಿಂಜರ್ ಸೌದಿಯವರೊಂದಿಗೆ ಸಹಿ ಹಾಕುವುದಕ್ಕೆ ಬಹಳ ಮೊದಲೇ ತೈಲದ ಲೆಕ್ಕ ಡಾಲರಿನಲ್ಲಿ ನಡೆಯುತ್ತಿತ್ತು.

ಮಾರುವವರಿಗೆ ಇದು ಸದಾ ಇಷ್ಟವಿತ್ತು ಎಂದಲ್ಲ. 1971ರಲ್ಲಿ ಅಮೆರಿಕ ಡಾಲರನ್ನು ಚಿನ್ನದಿಂದ ಬಿಡಿಸಿದಾಗ ಡಾಲರಿನ ಬೆಲೆ ಕುಸಿಯತೊಡಗಿತು, ತೈಲ ದೇಶಗಳಿಗೆ ನಷ್ಟವಾಯಿತು. 1975ರಲ್ಲಿ ತೈಲ ರಫ್ತು ದೇಶಗಳ ಒಕ್ಕೂಟ ಒಪೆಕ್, ಡಾಲರ್ ಬಿಟ್ಟು ಹಲವು ಕರೆನ್ಸಿಗಳ ಸರಾಸರಿಯಾದ ಐಎಂಎಫ್ ಲೆಕ್ಕದ ಘಟಕದಲ್ಲಿ ಬೆಲೆ ಹೇಳಲು ನಿರ್ಧಾರವನ್ನೂ ಮಾಡಿತು. ಅದು ಜಾರಿಗೆ ಬರಲಿಲ್ಲ.

ಇಂದಿಗೂ ಬದಲಾಗದಿರುವುದಕ್ಕೆ ಒಂದು ಮುಖ್ಯ ಕಾರಣ, ಬೆಲೆಯನ್ನು ಕಾಯ್ದುಕೊಳ್ಳುವ ವ್ಯವಸ್ಥೆ. ತೈಲ ಹಡಗಿನಲ್ಲಿ ವಾರಗಟ್ಟಲೆ ಇರುತ್ತದೆ. ಅಷ್ಟರಲ್ಲಿ ಬೆಲೆ ಬಿದ್ದರೆ ಕೊಂಡವರು ಮುಳುಗುತ್ತಾರೆ. ಅದಕ್ಕಾಗಿ ಅವರು ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಮುಂದಿನ ತಿಂಗಳ ಬೆಲೆಯನ್ನು ಇಂದೇ ಕಟ್ಟಿಟ್ಟುಕೊಳ್ಳುತ್ತಾರೆ. ಹಾಗೆ ಕಟ್ಟಿಟ್ಟುಕೊಳ್ಳಬೇಕಾದರೆ ಯಾವ ಹೊತ್ತಿನಲ್ಲೂ ಎದುರು ಪಾರ್ಟಿ ಸಿಗಬೇಕು, ಲಕ್ಷಾಂತರ ಬ್ಯಾರೆಲ್ ವಹಿವಾಟಾದರೂ ಬೆಲೆ ಅಲ್ಲಾಡಬಾರದು. ಅಂಥ ಆಳವಾದ ಮಾರುಕಟ್ಟೆ ಇರುವುದು ಬ್ರೆಂಟ್ ಮತ್ತು ಅಮೆರಿಕದ ಡಬ್ಲ್ಯೂಟಿಐ ತೈಲಕ್ಕೆ, ಎರಡೂ ಡಾಲರಿನಲ್ಲಿ. ಬ್ರೆಂಟ್ ಎಂಬುದು ಬ್ರಿಟನ್ನಿನ ಕಡಲಿನ ಒಂದು ತೈಲ ಕ್ಷೇತ್ರದ ಹೆಸರು, ಅದರ ಫ್ಯೂಚರ್ಸ್ ವಹಿವಾಟು ಹುಟ್ಟಿದ್ದು ಲಂಡನ್ನಿನಲ್ಲಿ, ಆದರೂ ಬೆಲೆ ಪೌಂಡಿನಲ್ಲಿಲ್ಲ.

ನಮ್ಮಲ್ಲೂ ರೂಪಾಯಿಯಲ್ಲಿ ತೈಲದ ವಹಿವಾಟು ನಡೆಯುತ್ತದಲ್ಲ, ಎಂಸಿಎಕ್ಸ್‌ನಲ್ಲಿ ಎಂದು ಷೇರು ಗೊತ್ತಿದ್ದವರು ಕೇಳಬಹುದು. ನಡೆಯುತ್ತದೆ. ಆದರೆ ಅಲ್ಲಿ ತಿಂಗಳ ಕೊನೆಗೆ ಲೆಕ್ಕ ಮುಗಿಸುವುದು ಹೇಗೆ ಗೊತ್ತೇ? ನ್ಯೂಯಾರ್ಕಿನ ಡಾಲರ್ ಬೆಲೆಯನ್ನು ರೂಪಾಯಿ ದರದಿಂದ ಗುಣಿಸಿ. ಅಂಕಿ ರೂಪಾಯಿಯದು, ಅಳತೆ ಡಾಲರಿನದೇ. ಚೀನಾ 2018ರ ಮಾರ್ಚಿನಲ್ಲಿ ಶಾಂಘೈನಲ್ಲಿ ತನ್ನ ಯುವಾನಿನಲ್ಲೇ ತೈಲ ಫ್ಯೂಚರ್ಸ್ ತೆರೆಯಿತು. ಅದು ಇಂದಿಗೂ ನಡೆಯುತ್ತಿದೆ, ಚೀನಾದ ಒಳಗೆ ಅದಕ್ಕೆ ಮಹತ್ವವೂ ಇದೆ. ಆದರೆ ಜಗತ್ತಿನ ಉಳಿದವರು ಅದನ್ನು ನೋಡಿ ಬೆಲೆ ಕಟ್ಟುವ ಹಂತಕ್ಕೆ ಬಂದಿಲ್ಲ.

ಕೊಲ್ಲಿಯಲ್ಲಿ ರೂಪಾಯಿ ಓಡುತ್ತಿದ್ದ ಕಾಲ

ಇನ್ನೊಂದು ಕಾರಣ, ಮಾರಿದವರು ಆ ಹಣವನ್ನು ಇಟ್ಟುಕೊಂಡು ಏನು ಮಾಡುತ್ತಾರೆ ಎಂಬುದು. ಇದನ್ನು ತಿಳಿಯಲು ನಮ್ಮದೇ ಮರೆತ ಒಂದು ಅಧ್ಯಾಯವಿದೆ.

ಕರಾವಳಿಯ ಎಷ್ಟೋ ಮನೆಗಳಿಗೆ ಇಂದು ದುಬೈ, ಕುವೈತ್, ದೋಹಾದಿಂದ ಹಣ ಬರುತ್ತದೆ. ಒಂದು ಕಾಲದಲ್ಲಿ ಆ ಊರುಗಳ ಅಂಗಡಿಗಳಲ್ಲಿ ಓಡುತ್ತಿದ್ದುದೇ ಭಾರತದ ರೂಪಾಯಿ. ಅದರ ಜೊತೆ ಚಿನ್ನದ ಕಳ್ಳಸಾಗಣೆಯ ತಲೆನೋವೂ ಇತ್ತು. ಇಲ್ಲಿಂದ ಸಾಗಿಸಿದ ನೋಟು ಅಲ್ಲಿ ಚಿನ್ನವಾಗುತ್ತಿತ್ತು, ಆ ನೋಟು ವಾಪಸ್ ಬಂದಾಗ ಅದಕ್ಕೆ ಭಾರತ ವಿದೇಶಿ ಹಣ ತೆರಬೇಕಾಗುತ್ತಿತ್ತು. ಹಾಗಾಗಿ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ, ಸಂಖ್ಯೆಯ ಮುಂದೆ ಝಡ್ ಅಕ್ಷರವಿದ್ದ ‘ಗಲ್ಫ್ ರೂಪಾಯಿ’ ನೋಟುಗಳನ್ನು ಅಚ್ಚು ಹಾಕಿಸಿತು.

ಕುವೈತ್ 1961ರಲ್ಲೇ ತನ್ನ ದಿನಾರ್ ತಂದಿತು, ಬಹರೇನ್ 1965ರಲ್ಲಿ. ಉಳಿದವರಿಗೆ ದೊಡ್ಡ ಹೊಡೆತ ಬಿದ್ದಿದ್ದು 1966ರ ಜೂನ್ 6ರಂದು. ಅಂದು ಭಾರತ ರೂಪಾಯಿಯ ಅಪಮೌಲ್ಯ ಮಾಡಿತು, ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. 100 ರೂಪಾಯಿ ಇಟ್ಟುಕೊಂಡಿದ್ದವರ ಬಳಿ ಹಿಂದಿನ ದಿನ 21 ಡಾಲರ್ ಇತ್ತು, ಅದು 13 ಡಾಲರ್ ಚಿಲ್ಲರೆಗೆ ಇಳಿಯಿತು. ಅವರು ಯಾವ ತಪ್ಪೂ ಮಾಡಿರಲಿಲ್ಲ, ನಿರ್ಧಾರ ದೆಹಲಿಯದು. ಆ ವರ್ಷವೇ ಕತಾರ್, ದುಬೈ ಮುಂತಾದವು ರೂಪಾಯಿ ಬಿಟ್ಟವು. ಓಮಾನ್ ಮಾತ್ರ 1970ರವರೆಗೆ ಇಟ್ಟುಕೊಂಡಿತ್ತು.

ಬೇರೆ ದೇಶದ ಹಣವನ್ನು ಕೂಡಿಡುವವರ ಭಯ ಇದೇ. ಇಂದು ಡಾಲರ್ ಬಗ್ಗೆಯೂ ಆ ಭಯ ಇದೆ, 2022ರಲ್ಲಿ ರಷ್ಯಾದ ಮೀಸಲು ಹಣವನ್ನು ಪಶ್ಚಿಮದ ದೇಶಗಳು ತಡೆಹಿಡಿದ ಮೇಲೆ ಹೆಚ್ಚೇ ಆಗಿದೆ. ಆದರೆ ಡಾಲರನ್ನು ಯಾವ ದೇಶದಲ್ಲಾದರೂ ಖರ್ಚು ಮಾಡಬಹುದು, ಎಷ್ಟು ಬೇಕಾದರೂ ಸಾಲಪತ್ರ ಕೊಳ್ಳಬಹುದು, ಬೇಕಾದಾಗ ಮಾರಿ ಹೊರಬರಬಹುದು. ರೂಪಾಯಿಗೆ ಇನ್ನೂ ಆ ಸ್ವಾತಂತ್ರ್ಯವಿಲ್ಲ. ಅದಕ್ಕೆ ಸಾಕ್ಷಿಯಾಗಿ ಎರಡು ಪ್ರಯೋಗಗಳಿವೆ.

ಮೊದಲನೆಯದು ಇರಾನಿನದು. ನಿರ್ಬಂಧಗಳ ಕಾರಣ ಡಾಲರ್ ಕಳಿಸುವ ದಾರಿ ಮುಚ್ಚಿದಾಗ, 2012ರಿಂದ ಭಾರತ ಇರಾನಿನ ತೈಲದ ಬಿಲ್ಲಿನಲ್ಲಿ ಸುಮಾರು 45 ಶೇಕಡಾ ಹಣವನ್ನು ಕೋಲ್ಕತ್ತದ ಯುಕೋ ಬ್ಯಾಂಕಿನ ಖಾತೆಗೆ ರೂಪಾಯಿಯಲ್ಲಿ ಕಟ್ಟಿತು. ಮಂಗಳೂರಿನ ಎಂಆರ್‌ಪಿಎಲ್ ಆಗ ಇರಾನ್ ತೈಲದ ದೊಡ್ಡ ಗ್ರಾಹಕರಲ್ಲಿ ಒಂದು. ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಬಾಸ್ಮತಿ ಅಕ್ಕಿ, ಸೋಯಾ ಹಿಂಡಿ, ಚಹಾ ಕೊಂಡಿತು. ಕೊಳ್ಳಲು ಬೇಕಾದ ಸಾಮಾನು ಇದ್ದಷ್ಟು ದಿನ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಬಿಲ್ಲಿನ ಲೆಕ್ಕ ಮಾತ್ರ ಡಾಲರಿನದೇ.

ಎರಡನೆಯದು ರಷ್ಯಾದ್ದು. 2022ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ಮಾಡುವ ವಿಶೇಷ ಖಾತೆಗಳಿಗೆ ಅನುಮತಿ ಕೊಟ್ಟಿತು. ಅದೇ ಹೊತ್ತಿಗೆ ರಷ್ಯಾದಿಂದ ರಿಯಾಯಿತಿ ತೈಲ ಹರಿದು ಬಂತು. 2022–23ರಲ್ಲಿ ನಾವು ರಷ್ಯಾದಿಂದ ಸುಮಾರು 4,600 ಕೋಟಿ ಡಾಲರ್ ಬೆಲೆಯ ಸರಕು ತರಿಸಿದೆವು, ಅಲ್ಲಿಗೆ ಕಳಿಸಿದ್ದು ಸುಮಾರು 300 ಕೋಟಿಯದ್ದು. ಇಷ್ಟು ಅಂತರವಿದ್ದಾಗ ರೂಪಾಯಿ ಪಡೆದವರು ಅದನ್ನು ಎಲ್ಲಿ ಖರ್ಚು ಮಾಡಬೇಕು? 2023ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಸೆರ್ಗೈ ಲಾವ್ರೊವ್, ಭಾರತದ ಬ್ಯಾಂಕುಗಳಲ್ಲಿ ನೂರಾರು ಕೋಟಿ ರೂಪಾಯಿ ಜಮೆಯಾಗಿದೆ, ಅದನ್ನು ಬೇರೆ ಕರೆನ್ಸಿಗೆ ಬದಲಿಸದೆ ಬಳಸಲಾಗುತ್ತಿಲ್ಲ ಎಂಬ ಅರ್ಥದಲ್ಲಿ ಸಮಸ್ಯೆಯನ್ನು ಬಹಿರಂಗವಾಗಿಯೇ ಹೇಳಿದರು.

ಆಮೇಲೆ ಪಾವತಿಯ ಒಂದು ಭಾಗ ಯುಎಇಯ ದಿರ್ಹಮಿಗೆ ಹೋಯಿತು. ‘ಭಾರತ ಡಾಲರ್ ಬಿಟ್ಟಿತು’ ಎಂದು ಆಗಲೂ ಸಂದೇಶ ಬಂದವು. ದಿರ್ಹಮ್ ಏನೆಂದು ನೋಡಿ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದ ದರ ಅದು. ಸೌದಿ ರಿಯಾಲ್ ಕೂಡ ಹಾಗೇ, ಡಾಲರಿಗೆ 3.75. ದಿರ್ಹಮಿನಲ್ಲಿ ಕಟ್ಟುವುದು ಎಂದರೆ ಬೇರೆ ಅಂಗಿ ಹಾಕಿದ ಡಾಲರಿನಲ್ಲಿ ಕಟ್ಟಿದಂತೆ. ರಷ್ಯಾ ತೈಲಕ್ಕೆ ಕೊಡುತ್ತಿದ್ದ ರಿಯಾಯಿತಿಯನ್ನೂ ಹೇಳುತ್ತಿದ್ದುದು ‘ಬ್ರೆಂಟ್‌ಗಿಂತ ಬ್ಯಾರೆಲಿಗೆ ಇಷ್ಟು ಡಾಲರ್ ಕಡಿಮೆ’ ಎಂದು. ನಿರ್ಬಂಧದ ದಾರಿ ತಪ್ಪಿಸಲು ಇದು ಉಪಯೋಗಕ್ಕೆ ಬಂತು. ಬೆಲೆಯ ಅಳತೆಗೋಲು ಮಾತ್ರ ಅಲ್ಲೇ ಉಳಿಯಿತು.

ನಮಗೆ ಇದರಿಂದ ಏನಾಗುತ್ತದೆ?

‘2008ರಲ್ಲಿ ಕಚ್ಚಾ ತೈಲ ಇಷ್ಟಿತ್ತು, ಈಗ ಅದಕ್ಕಿಂತ ಕಡಿಮೆ, ಆದರೂ ಪೆಟ್ರೋಲ್ ಯಾಕೆ ದುಬಾರಿ?’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಪ್ರಶ್ನೆ ನ್ಯಾಯವಾದದ್ದೇ. ಉತ್ತರದ ಒಂದು ಭಾಗ ಕೇಂದ್ರ ಮತ್ತು ರಾಜ್ಯದ ತೆರಿಗೆಗಳಲ್ಲಿದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಇನ್ನೊಂದು ಭಾಗ ಫಾರ್ವರ್ಡಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

2008ರ ಜುಲೈಯಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆ ಬ್ಯಾರೆಲಿಗೆ ಸುಮಾರು 132 ಡಾಲರ್. ಆಗ ಡಾಲರಿಗೆ ಸುಮಾರು 43 ರೂಪಾಯಿ. ಗುಣಿಸಿದರೆ ಸುಮಾರು 5,680 ರೂಪಾಯಿ. 2022ರ ಜೂನಿನಲ್ಲಿ ಬ್ಯಾರೆಲ್ ಸುಮಾರು 116 ಡಾಲರ್, ಅಂದರೆ 16 ಡಾಲರ್ ಅಗ್ಗ. ಆದರೆ ಡಾಲರಿಗೆ ಸುಮಾರು 78 ರೂಪಾಯಿ. ಗುಣಿಸಿದರೆ 9,000 ರೂಪಾಯಿ ದಾಟುತ್ತದೆ. ಒಂದು ಬ್ಯಾರೆಲಿನಲ್ಲಿ 159 ಲೀಟರ್. ಅಂದರೆ ತೆರಿಗೆ, ಶುದ್ಧೀಕರಣ, ಸಾಗಣೆ ಯಾವುದೂ ಸೇರದ ಬರೀ ಕಚ್ಚಾ ತೈಲವೇ ಲೀಟರಿಗೆ 36 ರೂಪಾಯಿಯಿಂದ 57 ರೂಪಾಯಿಗೆ ಏರಿತ್ತು. ಅಮೆರಿಕದವರಿಗೆ ತೈಲ ಅಗ್ಗವಾಗಿತ್ತು, ನಮಗೆ ದುಬಾರಿಯಾಗಿತ್ತು, ಒಂದೇ ತೈಲ.

2022ರಲ್ಲಿ ಇನ್ನೂ ಒಂದು ಪೆಟ್ಟು ಜೊತೆಗಿತ್ತು. ತಮ್ಮ ದೇಶದ ಬೆಲೆಯೇರಿಕೆ ತಡೆಯಲು ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿಯನ್ನು ವರ್ಷದೊಳಗೆ ಶೂನ್ಯದ ಹತ್ತಿರದಿಂದ 4 ಶೇಕಡಾ ಮೇಲಕ್ಕೆ ಎತ್ತಿತು. ಬಡ್ಡಿ ಹೆಚ್ಚಿದ್ದ ಕಡೆ ಹಣ ಹೋಗುತ್ತದೆ, ಡಾಲರ್ ಬಲವಾಗುತ್ತದೆ. ವರ್ಷದ ಆರಂಭದಲ್ಲಿ 74 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಕೊನೆಗೆ 82 ದಾಟಿತು. ಹಿಂದೆಲ್ಲ ಡಾಲರ್ ಬಲವಾದಾಗ ತೈಲದ ಡಾಲರ್ ಬೆಲೆ ಸಾಮಾನ್ಯವಾಗಿ ಇಳಿದು ಕೊಳ್ಳುವ ದೇಶಗಳಿಗೆ ಸ್ವಲ್ಪ ಉಸಿರು ಸಿಗುತ್ತಿತ್ತು. ಆ ವರ್ಷದ ಮೊದಲರ್ಧದಲ್ಲಿ ಯುದ್ಧದ ಕಾರಣ ಎರಡೂ ಒಟ್ಟಿಗೆ ಏರಿದವು. ಅಮೆರಿಕ ತನ್ನ ಮನೆಯ ಜ್ವರಕ್ಕೆ ತೆಗೆದುಕೊಂಡ ಔಷಧದ ಕಹಿ ನಮ್ಮ ಗಂಟಲಿಗೆ ಬರುವುದು ಹೀಗೆ.

ನಮ್ಮಲ್ಲಿ ದೊಡ್ಡ ಡಾಲರ್ ಸಂಗ್ರಹ ಇದ್ದದ್ದರಿಂದ ಬರೀ ದುಬಾರಿಯಾಯಿತು. ಸಂಗ್ರಹ ಇಲ್ಲದವರ ಕಥೆ ಬೇರೆ. ಅದೇ 2022ರಲ್ಲಿ ಶ್ರೀಲಂಕಾದ ಬಳಿ ಬಳಸಬಹುದಾದ ವಿದೇಶಿ ಹಣ 5 ಕೋಟಿ ಡಾಲರಿಗೂ ಕಡಿಮೆ ಉಳಿದಿತ್ತು. ನಾವು ಮೇಲೆ ಲೆಕ್ಕ ಹಾಕಿದ ಒಂದು ಹಡಗಿನ ಬಿಲ್ಲಿಗೂ ಅದು ಸಾಲದು. ಪೆಟ್ರೋಲ್ ತುಂಬಿದ ಹಡಗು ಮಾರ್ಚ್ ಕೊನೆಯಿಂದ ಅವರ ಕಡಲಿನಲ್ಲೇ ಲಂಗರು ಹಾಕಿ ನಿಂತಿತ್ತು, ದುಡ್ಡು ಕಟ್ಟದೆ ಇಳಿಸುವಂತಿರಲಿಲ್ಲ. ದೇಶದಲ್ಲಿ ಶ್ರೀಲಂಕಾ ರೂಪಾಯಿಗೆ ಕೊರತೆ ಇರಲಿಲ್ಲ, ಅದನ್ನು ಅವರೇ ಅಚ್ಚು ಹಾಕಬಲ್ಲರು. ಡಾಲರನ್ನು ಅಚ್ಚು ಹಾಕಲಾಗದು. ಜನ ಬಂಕುಗಳ ಮುಂದೆ ದಿನಗಟ್ಟಲೆ ಸಾಲು ನಿಂತರು. ಭಾರತ ಇಂಧನಕ್ಕೆಂದೇ 50 ಕೋಟಿ ಡಾಲರ್ ಸಾಲದ ನೆರವು ಕೊಟ್ಟಿತು.

ಡಾಲರ್ ಬೆಲೆಯಿಂದ ಎಲ್ಲರಿಗೂ ನಷ್ಟವೇ ಎಂದುಕೊಂಡರೆ ಅದೂ ತಪ್ಪು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರನ್ನು ಕೇಳಿ. ಅರೇಬಿಕಾಕ್ಕೆ ನ್ಯೂಯಾರ್ಕಿನ ದರ, ಪೌಂಡ್ ತೂಕಕ್ಕೆ ಇಷ್ಟು ಅಮೆರಿಕನ್ ಸೆಂಟ್. ರೊಬಸ್ಟಾಕ್ಕೆ ಲಂಡನ್ ದರ, ಟನ್ನಿಗೆ ಇಷ್ಟು ಡಾಲರ್. ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 4,000 ಡಾಲರ್ ಇದ್ದು, ಡಾಲರಿಗೆ 83 ರೂಪಾಯಿ ಇದ್ದರೆ ಕಿಲೋ ಬೀಜಕ್ಕೆ 332 ರೂಪಾಯಿ. ಲಂಡನ್ ದರ ಕದಲದೆ ಡಾಲರ್ 86ಕ್ಕೆ ಹೋದರೆ 344. ಪಂಪ್‌ಸೆಟ್ಟಿನ ಡೀಸೆಲ್ಲಿಗೆ ಹೆಚ್ಚು ಕೊಡುವ ಅದೇ ಬೆಳೆಗಾರರಿಗೆ ಕಾಫಿಯಲ್ಲಿ ಒಂದಿಷ್ಟು ಹೆಚ್ಚು ಬರುತ್ತದೆ. ಪೊಟ್ಯಾಷ್ ಗೊಬ್ಬರ ಬಹುತೇಕ ಎಲ್ಲವೂ ಹೊರಗಿನಿಂದ ಬರುವುದರಿಂದ ಅಲ್ಲಿ ಮತ್ತೆ ಸ್ವಲ್ಪ ಹೋಗುತ್ತದೆ.

ಎಲ್ಲ ಸರಕಿಗೂ ಡಾಲರೇ ಗತಿ ಎಂದೂ ಇಲ್ಲ. ಲಂಡನ್ನಿನ ಕೋಕೋ ವಹಿವಾಟು ಇಂದಿಗೂ ಪೌಂಡಿನಲ್ಲಿ. ನಮ್ಮ ಬೋಂಡಾ ಬಜ್ಜಿಯ ತಾಳೆ ಎಣ್ಣೆಗೆ ಜಗತ್ತು ನೋಡುವುದು ಮಲೇಷ್ಯಾದ ಮಾರುಕಟ್ಟೆಯನ್ನು, ಅಲ್ಲಿ ಬೆಲೆ ರಿಂಗಿಟ್ಟಿನಲ್ಲಿ. ಮಲೇಷ್ಯಾ ತಾಳೆ ಎಣ್ಣೆಯ ದೊಡ್ಡ ಉತ್ಪಾದಕ, ಮಾರುಕಟ್ಟೆಯನ್ನು ದಶಕಗಳ ಕಾಲ ಬೆಳೆಸಿತು, ಜನ ಅಲ್ಲಿಗೆ ಬಂದರು. ಆದರೂ ನಮ್ಮ ಆಮದುದಾರರು ಹಡಗಿನ ಬಿಲ್ಲು ಕಟ್ಟುವುದು ಸಾಮಾನ್ಯವಾಗಿ ಡಾಲರಿನಲ್ಲಿ. ಇಲ್ಲಿ ಅಳತೆಗೋಲು ಬೇರೆಯಾಗಿ ಪಾವತಿ ಡಾಲರಿನದಾಯಿತು, ರಷ್ಯಾ ತೈಲದ ವಿಷಯದಲ್ಲಿ ಆದದ್ದರ ತಿರುವುಮುರುವು.

ಕಾಫಿಯ ವಿಷಯಕ್ಕೆ ಇನ್ನೊಂದು ಮಾತು. ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ಬ್ರೆಜಿಲ್, ಅವರ ಹಣ ರಿಯಾಲ್. 2014ರ ಮಧ್ಯದಲ್ಲಿ ಡಾಲರಿಗೆ ಸುಮಾರು 2.2 ಇದ್ದ ರಿಯಾಲ್ 2015ರ ಸೆಪ್ಟೆಂಬರಿನಲ್ಲಿ 4ಕ್ಕೆ ಹೋಯಿತು. ಡಾಲರ್ ಬೆಲೆ ಇಳಿದರೂ ಅಲ್ಲಿನ ರೈತರಿಗೆ ತಮ್ಮ ಹಣದಲ್ಲಿ ಗಿಟ್ಟುತ್ತಿತ್ತು, ಹಾಗಾಗಿ ಧಾರಾಳವಾಗಿ ಮಾರಿದರು. ನ್ಯೂಯಾರ್ಕಿನಲ್ಲಿ ಅರೇಬಿಕಾ ದರ ಕುಸಿಯಲು ಇದ್ದ ಕಾರಣಗಳಲ್ಲಿ ಅದೂ ಒಂದು. ಆ ಹೊತ್ತಿನಲ್ಲಿ ಮೂಡಿಗೆರೆಯಲ್ಲಿ ಮಳೆ ಸರಿಯಾಗಿ ಬಂದಿತ್ತೋ ಇಲ್ಲವೋ, ರೂಪಾಯಿ ಗಟ್ಟಿಯಾಗಿತ್ತೋ ಇಲ್ಲವೋ, ಅರೇಬಿಕಾ ಮೂಟೆಯ ದರ ಇಳಿದಿದ್ದು ಮಾತ್ರ ಬ್ರೆಜಿಲ್ಲಿನ ಹಣ ಮತ್ತು ನ್ಯೂಯಾರ್ಕಿನ ಬೋರ್ಡಿನ ನಡುವಿನ ಲೆಕ್ಕದಲ್ಲಿ.